ಸಹಾಯ ಬೇಕು: ಬೇಸಿಗೆಯ ಬೀದಿಗೆ ಹಿಮ ಹಾಕಿದೆ, ನೆರಳು ಮಾತ್ರ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಬಳಗದ ಮಕ್ಕಳ ನಾಟಕಕ್ಕೆ ಹಿಂದಿನ ಪರದೆ ಮಾಡುತ್ತಿದ್ದೇನೆ. ಮೇ ತಿಂಗಳ ಮಧ್ಯಾಹ್ನ ಕಸಬಾ ಪೇಠೆಯಲ್ಲಿ ತೆಗೆದ ಫೋಟೋ. ಅದರಲ್ಲಿ ಹಿಮ ಬಿದ್ದಿರಬೇಕು.

ಫೋಟೋಶಾಪಿನಲ್ಲಿ Channel Mixer ತೆರೆದು, Monochrome ಹಾಕಿ, ಕೆಂಪನ್ನು ಜಾಸ್ತಿ ಮಾಡಿದೆ. ಹೆಂಚು ಕೆಂಪಗಿದ್ದದ್ದು ಒಳ್ಳೆಯದೇ ಆಯಿತು. ಇಡೀ ಮಾಡು ಬೆಳ್ಳಗಾಯಿತು, ಹೆಂಚಿನ ಸಾಲುಗಳೂ ಉಳಿದವು. ಆಮೇಲೆ ಮಾಸ್ಕ್ ಮಾಡಿ ಮಾಡು, ರಸ್ತೆ, ಕಟ್ಟೆಯ ಮೇಲ್ಭಾಗ ಇಷ್ಟಕ್ಕೇ ಬಿಳಿ ಬಿಟ್ಟೆ. ಗೋಡೆಗೆ ಹಚ್ಚಲಿಲ್ಲ, ಹಿಮ ಮೇಲ್ಮುಖದಲ್ಲಿ ತಾನೇ ನಿಲ್ಲುವುದು? ಬಿಳಿಯನ್ನು 255ಕ್ಕೆ ಒಯ್ಯದೆ 240ರ ಹತ್ತಿರ ನಿಲ್ಲಿಸಿದೆ. ಇಲ್ಲದಿದ್ದರೆ ಸುಣ್ಣ ಬಳಿದ ಹಾಗೆ ಕಾಣುತ್ತದೆ.

ತೊಂದರೆ ನೆರಳಿನದು. ಕರಿ ಡಾಂಬರಿನ ಮೇಲೆ ಬಿದ್ದ ಮರದ ನೆರಳು 40ರಷ್ಟಿದೆ. ಹಿಮದ ಮೇಲಿನ ನೆರಳು ಅಷ್ಟು ಕಪ್ಪಾಗಿರಲ್ಲ, ಆಕಾಶದ ಬೆಳಕು ಬಿದ್ದು ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ Curvesನಲ್ಲಿ 140ರವರೆಗೆ ಎತ್ತಿ, ನೀಲಿಯನ್ನು ಸ್ವಲ್ಪ ಏರಿಸಿದೆ. ಬಣ್ಣ ಸರಿಹೋಯಿತು. ಆದರೆ ಮೊಬೈಲ್ ಜೆಪೆಗ್ ಆದ್ದರಿಂದ ಅಲ್ಲೆಲ್ಲ ಚೌಕ ಚೌಕ ಕಲೆ ಎದ್ದಿತು. ಪರದೆಗೆ ದೊಡ್ಡದು ಮಾಡಿದರೆ ಅದೇ ಕಣ್ಣಿಗೆ ಹೊಡೆಯುತ್ತದೆ.

ಎತ್ತುವ ಮೊದಲೇ ನೆರಳನ್ನಷ್ಟೇ ಬ್ಲರ್ ಮಾಡಲೇ? ಅಥವಾ ಅದನ್ನು ಬಿಟ್ಟು, ಬಿಸಿಲಿನ ಜಾಗದ ಹಿಮವನ್ನೇ ಕ್ಲೋನ್ ಮಾಡಿ ತಂದು, ಮೇಲೆ Multiplyನಲ್ಲಿ ತಿಳಿನೀಲಿ ಹಚ್ಚಲೇ? ಎರಡನೆಯದು ಸರಿ ಅನ್ನಿಸುತ್ತಿದೆ. ಆದರೆ ಎಲೆಗಳ ನೆರಳಿನ ಅಂಚು ಕೆಡುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.