ಅಪ್ಪನ ಪಿಎಸ್ಎ 8.6, ಫ್ರೀ ರೇಶಿಯೋ 11: ಯೂರಿನ್ ಇನ್ಫೆಕ್ಷನ್ ಆದ್ಮೇಲೆ ಮಾಡಿಸಿದ ಟೆಸ್ಟು

ತುಮಕೂರಿನ ಮಗಳು ಕೇಳಿದ್ದು:
ನಮ್ಮಪ್ಪಂಗೆ 67. ಮೂರು ವಾರದ ಹಿಂದೆ ಚಳಿಜ್ವರ, ಉರಿಮೂತ್ರ ಬಂದು ಆಮೇಲೆ ಮೂತ್ರ ಕಟ್ಕೊಂಡ್ಬಿಡ್ತು, ಆಸ್ಪತ್ರೇಲಿ ಎರಡು ದಿನ ಪೈಪ್ ಹಾಕಿದ್ರು. ಈಗ ಆರಾಮಾಗಿದಾರೆ. ಮೊನ್ನೆ ಪ್ರಾಸ್ಟೇಟ್ ಗ್ರಂಥಿ ಟೆಸ್ಟಿಗೆ ರಕ್ತ ಕೊಟ್ಟಾಗ ಟೋಟಲ್ ಪಿಎಸ್ಎ 8.6, ಅದ್ರಲ್ಲಿ ಫ್ರೀ 0.95, ಅಂದ್ರೆ ರೇಶಿಯೋ 11 ಪರ್ಸೆಂಟ್ ಬಂದಿದೆ. ರಿಪೋರ್ಟ್ ಕೆಳಗಿನ ಟೇಬಲಲ್ಲಿ ರೇಶಿಯೋ 10ರಿಂದ 15 ಇದ್ರೆ ಕ್ಯಾನ್ಸರ್ ಸಾಧ್ಯತೆ 28 ಪರ್ಸೆಂಟ್ ಅಂತಿದೆ. ಅದನ್ನ ಓದಿದಾಗಿಂದ ನಿದ್ದೆ ಇಲ್ಲ. ಯಾರಿಗಾದ್ರೂ ಹೀಗಾಗಿತ್ತಾ? ಬಯಾಪ್ಸಿಗೆ ಹೋಗೋದಾ, ಕಾಯೋದಾ?

ಲ್ಯಾಬ್ ಶಿವಣ್ಣ:
ನಾನು 22 ವರ್ಷ ಲ್ಯಾಬಲ್ಲಿ ಕೆಲಸ ಮಾಡಿದೀನಿ ತಾಯಿ, ಡಾಕ್ಟರ್ ಅಲ್ಲ, ಆದ್ರೆ ಈ ಟೇಬಲ್ಲು ಎಲ್ಲಿಂದ ಬಂತು ಅಂತ ಗೊತ್ತಿದೆ. 1998ರಲ್ಲಿ ಅಮೆರಿಕದಲ್ಲಿ ಒಂದು ಸ್ಟಡಿ ಆಯ್ತು, 50ರಿಂದ 75 ವಯಸ್ಸಿನವರು, ಟೋಟಲ್ 4ರಿಂದ 10ರ ಮಧ್ಯೆ ಇದ್ದೋರು, ಡಾಕ್ಟರ್ ಗುದದ್ವಾರದಲ್ಲಿ ಬೆರಳಿಟ್ಟು ನೋಡಿದಾಗ ಗ್ರಂಥಿ ಮೆತ್ತಗೇ ಇದ್ದೋರು, ಅಂಥವರಿಗೆ ಬಯಾಪ್ಸಿ ಮಾಡಿ ಬಂದ ಲೆಕ್ಕ ಅದು. ಮೂರು ವಾರದ ಹಿಂದೆ ಜ್ವರ ಬಂದು ಪೈಪ್ ಹಾಕಿಸ್ಕೊಂಡೋರ ಲೆಕ್ಕ ಅಲ್ಲ. ಅಪ್ಪನ ವಯಸ್ಸು ಹೊಂದುತ್ತೆ, 8.6 ಹೊಂದುತ್ತೆ, ಆದ್ರೆ ಅಪ್ಪನ ಪರಿಸ್ಥಿತಿ ಹೊಂದಲ್ಲ, ಹಾಗಾಗಿ ಆ 28ನ್ನ ಸದ್ಯಕ್ಕೆ ಅವರ ಮೇಲೆ ಹಾಕ್ಬೇಡಿ.

ಯಾಕೆ ಅಂತ ಹೇಳ್ತೀನಿ. ಪಿಎಸ್ಎ ಅನ್ನೋದು ಪ್ರಾಸ್ಟೇಟ್ ಗ್ರಂಥಿ ವೀರ್ಯ ನೀರಾಗಿಸೋಕೆ ಮಾಡ್ಕೊಳ್ಳೋ ಪದಾರ್ಥ, ಅದು ಗ್ರಂಥಿಯ ನಾಳದೊಳಗೇ ಇರ್ಬೇಕು, ರಕ್ತಕ್ಕೆ ಸೋರೋದು ತುಂಬ ಕಮ್ಮಿ. ನಾಳದಲ್ಲಿ ಕೂತ್ಕೊಂಡಷ್ಟೂ ಅದ್ರಲ್ಲಿ ಸ್ವಲ್ಪ ತುಂಡಾಗಿ ಸತ್ವ ಕಳ್ಕೊಳ್ಳುತ್ತೆ. ಹಂಗೆ ಸತ್ವ ಇಲ್ಲದ್ದು ರಕ್ತಕ್ಕೆ ಬಂದ್ರೆ ಯಾವ ಪ್ರೋಟೀನಿಗೂ ಅಂಟ್ಕೊಳ್ಳಲ್ಲ, ಒಂಟಿಯಾಗಿ ತೇಲುತ್ತೆ, ಅದೇ ಫ್ರೀ. ಸತ್ವ ಇರೋದು ರಕ್ತಕ್ಕೆ ಬಂದ ತಕ್ಷಣ ಪ್ರೋಟೀನಿಗೆ ಗಂಟು ಬೀಳುತ್ತೆ. ವಯಸ್ಸಾದ್ಮೇಲೆ ಗ್ರಂಥಿ ಸುಮ್ನೆ ದಪ್ಪ ಆಗಿದ್ರೆ ಫ್ರೀ ಪಾಲು ಜಾಸ್ತಿ ಇರುತ್ತೆ. ಕ್ಯಾನ್ಸರ್ ಆದ್ರೆ ಗೋಡೆ ಕೆಟ್ಟು ಸತ್ವ ಇರೋದೇ ನೇರ ರಕ್ತಕ್ಕೆ ಬರುತ್ತೆ, ರೇಶಿಯೋ ಇಳಿಯುತ್ತೆ. ಈಗ ಮುಖ್ಯ ವಿಷಯ ಏನಂದ್ರೆ ಇನ್ಫೆಕ್ಷನ್ ಆದಾಗ್ಲೂ ಗೋಡೆ ಕೆಡುತ್ತೆ, ಆಗ್ಲೂ ಅದೇ ಥರ ಸೋರುತ್ತೆ. ಅಂದ್ರೆ ಟೋಟಲ್ ಏರೋದಷ್ಟೇ ಅಲ್ಲ, ರೇಶಿಯೋನೂ ಇಳಿಯುತ್ತೆ, ನೋಡೋಕೆ ಥೇಟ್ ಕ್ಯಾನ್ಸರ್ ರಿಪೋರ್ಟ್ ಥರಾನೇ. "ರೇಶಿಯೋನೂ ಕಮ್ಮಿ ಬಂತು, ಹಾಗಾದ್ರೆ ಇನ್ಫೆಕ್ಷನ್ ಅಲ್ಲ" ಅಂತ ತುಂಬ ಜನ ಅಂದ್ಕೊಳ್ತಾರೆ, ಅದು ತಪ್ಪು.

ರಕ್ತದಲ್ಲಿರೋ ಪಿಎಸ್ಎ ಎರಡು ಮೂರು ದಿನಕ್ಕೆ ಅರ್ಧ ಆಗುತ್ತೆ, ಆದ್ರೆ ಗಾಯ ಆರೋವರೆಗೆ ಒಳಗಿಂದ ಸೋರ್ತಾನೇ ಇರುತ್ತೆ. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಮಾಡ್ಸಿ, ಅದಕ್ಕೂ ಮುಂಚೆ ಯೂರಿನ್ ಕಲ್ಚರ್ ಮಾಡ್ಸಿ ಕ್ಲೀನ್ ಇದೆ ಅಂತ ಖಾತ್ರಿ ಮಾಡ್ಕೊಳ್ಳಿ. ಕೆಲವರಿಗೆ ಪೂರ್ತಿ ಇಳಿಯೋಕೆ ಇನ್ನೂ ತಿಂಗಳುಗಟ್ಟಲೆ ಹಿಡಿಯುತ್ತೆ. ಡಾಕ್ಟರ್ ಬೆರಳಿಟ್ಟು ನೋಡಿದಾಗ ಗಂಟು ಏನಾದ್ರೂ ಸಿಕ್ಕಿದ್ರೆ ಮಾತ್ರ ಈ ಕಾಯೋ ಮಾತು ಬೇಡ, ಆವಾಗ ಅವ್ರು ಹೇಳಿದ ಹಾಗೆ ನಡೀರಿ.

ಎರಡು ಚಕ್ರ:
ನನ್ನ ಅನುಭವ ಹೇಳ್ತೀನಿ. ನಂಗೆ 52, ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ಹೊಡ್ಕೊಂಡು ಹೋಗಿ ಬಂದಿದ್ದೆ, ಸೋಮವಾರ ಬೆಳಿಗ್ಗೆ ಆಫೀಸ್ ಚೆಕಪ್ಪಲ್ಲಿ 4.7 ಬಂತು. ಸೈಕಲ್ ಮುಟ್ಟದೆ ಎರಡು ವಾರ ಬಿಟ್ಟು ಮಾಡಿಸಿದ್ರೆ 3.4. ಸೀಟು ಅಲ್ಲೇ ಒತ್ತುತ್ತಲ್ಲ, ಅದ್ರಿಂದಾನೇ ಅಂತ ನನ್ನ ನಂಬಿಕೆ. ಅಪ್ಪ ಸೈಕಲ್ ಓಡಿಸ್ತಾರಾ?

ಲ್ಯಾಬ್ ಶಿವಣ್ಣ:
ಸೈಕಲ್ ವಿಷಯದಲ್ಲಿ ಒಂದು ಸ್ಟಡಿ ಏರುತ್ತೆ ಅನ್ನುತ್ತೆ ಇನ್ನೊಂದು ಇಲ್ಲ ಅನ್ನುತ್ತೆ ಸರ್, ಇನ್ನೂ ತೀರ್ಮಾನ ಆಗಿಲ್ಲ. ಪಿಎಸ್ಎ ಏನೂ ಮಾಡ್ದಿದ್ರೂ ವಾರದಿಂದ ವಾರಕ್ಕೆ ಸ್ವಲ್ಪ ಆಡುತ್ತೆ, ನಿಮ್ಮದು ಅದೂ ಇರ್ಬಹುದು. ಎರಡು ದಿನ ಮುಂಚೆಯಿಂದ ಸೈಕಲ್ ಬಿಡೋದು ಒಳ್ಳೇದು, ಹಾಗೇ ಎರಡು ದಿನ ಗಂಡ ಹೆಂಡತಿ ಸೇರದೇ ಇರೋದೂ ಒಳ್ಳೇದು, ವೀರ್ಯ ಹೋದ್ಮೇಲೆ ಸ್ವಲ್ಪ ಹೊತ್ತು ಏರಿರುತ್ತೆ. ಆದ್ರೆ 8.6ನ್ನ ಇವುಗಳ ತಲೆಗೆ ಕಟ್ಟೋಕಾಗಲ್ಲ. ಇನ್ಫೆಕ್ಷನ್, ಮೂತ್ರ ಕಟ್ಟಿದ್ದು, ಪೈಪ್, ಅಷ್ಟು ದೊಡ್ಡ ಏರಿಕೆ ಕೊಡೋದು ಅವೇ.

ಮಂಜು ಮೆಡಿಕಲ್ಸ್:
ಸಿಂಪಲ್ ಆಗಿ ಹೇಳ್ತೀನಿ, ರೇಶಿಯೋ 25 ದಾಟಿದ್ರೆ ಕ್ಯಾನ್ಸರ್ ಇಲ್ಲ, 10ಕ್ಕಿಂತ ಕಮ್ಮಿ ಇದ್ರೆ ಇದೆ, ಮಧ್ಯೆ ಇದ್ರೆ ಆಂಟಿಬಯೋಟಿಕ್ ಎರಡು ವಾರ ಕೊಟ್ಟು ನೋಡೋದು. ಇಳಿದ್ರೆ ಇನ್ಫೆಕ್ಷನ್, ಇಳೀದಿದ್ರೆ ಕ್ಯಾನ್ಸರ್. ನಮ್ಮ ಅಂಗಡಿಗೆ ಬರೋ ಎಷ್ಟೋ ಚೀಟೀಲಿ ಹಂಗೇ ಇರುತ್ತೆ.

ಲ್ಯಾಬ್ ಶಿವಣ್ಣ:
ಮಂಜು ಅವ್ರೇ, ದಿಕ್ಕು ಸರಿ ಹೇಳಿದ್ರಿ, ಆದ್ರೆ ಗೆರೆ ಅಷ್ಟು ಗಟ್ಟಿ ಇಲ್ಲ. ಅದೇ ಟೇಬಲಲ್ಲಿ 25 ಮೇಲಿರೋರಲ್ಲೂ 8 ಪರ್ಸೆಂಟ್ ಇದೆ, 10ರ ಕೆಳಗಿರೋರಲ್ಲಿ 56, ಅಂದ್ರೆ ಅಲ್ಲೂ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಸಿಕ್ಕಿಲ್ಲ. ಇನ್ನು ಇನ್ಫೆಕ್ಷನ್ನಿನ ಗುರುತೇ ಇಲ್ದೋರಿಗೆ ಸುಮ್ನೆ ಆಂಟಿಬಯೋಟಿಕ್ ಕೊಟ್ಟು ನೋಡೋದು ಸರಿಯಲ್ಲ, ಯಾಕಂದ್ರೆ ಮಾತ್ರೆ ತಗೊಳ್ದಿದ್ರೂ ಎಷ್ಟೋ ಜನಕ್ಕೆ ಎರಡನೇ ಸಲ ತಾನಾಗೇ ಇಳಿಯುತ್ತೆ, ಕ್ಯಾನ್ಸರ್ ಇರೋರಲ್ಲೂ ಸ್ವಲ್ಪ ಇಳಿದಿರೋದು ಇದೆ. ಇಳೀತು ಅಂತ ಫೈಲ್ ಮುಚ್ಚಿಡೋ ಹಾಗಿಲ್ಲ. ಈ ಅಪ್ಪಂಗೆ ಜ್ವರ, ಉರಿ ಇತ್ತು, ಅವರಿಗೆ ಕೋರ್ಸ್ ಕೊಟ್ಟಿದ್ದು ನ್ಯಾಯವೇ.

ಹುಬ್ಬಳ್ಳಿ ಹುಡುಗ:
ನಮ್ಮ ಕಾಕಾರ ಕಥಿ ಬ್ಯಾರೇನ ಐತ್ರಿ ಅಕ್ಕಾರ. ಅವರಿಗೆ ಪ್ರಾಸ್ಟೇಟ್ ದಪ್ಪ ಆಗೇತಂತ ಡುಟಾಸ್ಟೆರೈಡ್ ಗುಳಗಿ ಎರಡು ವರ್ಷದಿಂದ ನಡದಿತ್ತು. ಪಿಎಸ್ಎ 2.6 ಬಂತು, ಕೆಂಪು ಅಕ್ಷರ ಇಲ್ಲ ಏನಿಲ್ಲ, ನಾವೆಲ್ಲ ಖುಷಿ. ಡಾಕ್ಟರು ರಿಪೋರ್ಟ್ ನೋಡಿ ಪೆನ್ನಿಲೆ ಅದರ ಬಾಜೂಕ 5.2 ಅಂತ ಬರದ್ರು. ಆ ಗುಳಗಿ ಆರು ತಿಂಗಳು ವರ್ಷ ತಗೊಂಡ್ರ ಪಿಎಸ್ಎ ಅರ್ಧಕ್ಕ ಇಳೀತೈತಂತ, ಅದಕ್ಕ ಡಬಲ್ ಮಾಡಿ ಓದಬೇಕಂತ. ಟೋಟಲ್ಲೂ ಫ್ರೀನೂ ಎರಡೂ ಕೂಡೇ ಇಳಿಯೂದರಿಂದ ರೇಶಿಯೋಕ ಅಷ್ಟು ಫರಕ್ ಬೀಳಂಗಿಲ್ಲಂತ. ಕೂದಲ ಉದರೂದಕ್ಕ ಫಿನಾಸ್ಟೆರೈಡ್ ತಗೊಳ್ಳೋರಿಗೂ ಹಿಂಗ ಅಂದ್ರು. ನಿಮ್ಮ ಅಪ್ಪಾರ್ಗೆ ಪೈಪ್ ತಗಿಯೂ ಮುಂದ ಏನು ಗುಳಗಿ ಬರದಾರ ನೋಡ್ರಿ, ಇನ್ನೊಮ್ಮೆ ಟೆಸ್ಟ್ ಮಾಡಸೂ ಮುಂದ ಆ ಹೆಸರು ಹೇಳಬೇಕು.

ತುಮಕೂರಿನ ಮಗಳು:
ಟ್ಯಾಮ್ಸುಲೋಸಿನ್ ಅಂತ ಬರೆದಿದಾರೆ, ರಾತ್ರಿ ಒಂದು. ಇದೂ ಇಳಿಸುತ್ತಾ?

ಲ್ಯಾಬ್ ಶಿವಣ್ಣ:
ಇಲ್ಲ ತಾಯಿ, ಅದು ದಾರಿ ಸಡಿಲ ಮಾಡುತ್ತೆ ಅಷ್ಟೇ, ಪಿಎಸ್ಎ ಮೇಲೆ ಏನೂ ಮಾಡಲ್ಲ. ಒಂದು ಕೇಳ್ಬೇಕಿತ್ತು, ರಕ್ತ ಎಲ್ಲಿ ಕೊಟ್ರಿ?

ತುಮಕೂರಿನ ಮಗಳು:
ಮನೆಗೇ ಬಂದು ತಗೊಂಡ್ರು, ಬೆಳಿಗ್ಗೆ ಏಳಕ್ಕೆ. ಹುಡುಗ ಇನ್ನೂ ನಾಲ್ಕೈದು ಮನೆಗೆ ಹೋಗ್ಬೇಕು ಅಂತ ಟ್ಯೂಬನ್ನ ಬ್ಯಾಗಿಗೆ ಹಾಕ್ಕೊಂಡು ಹೋದ. ರಿಪೋರ್ಟಲ್ಲಿ ಸ್ಯಾಂಪಲ್ ರಿಸೀವ್ಡ್ ಮಧ್ಯಾಹ್ನ 2.40 ಅಂತಿದೆ.

ಲ್ಯಾಬ್ ಶಿವಣ್ಣ:
ಅದೇ ನನ್ನ ಅನುಮಾನ. ಫ್ರೀ ಪಿಎಸ್ಎ ನಾಜೂಕು, ರಕ್ತ ತಗೊಂಡು ಮೂರು ಗಂಟೆ ಒಳಗೆ ತಿರುಗಿಸಿ ಸೀರಮ್ ಬೇರೆ ಮಾಡಿ ತಣ್ಣಗಿಡ್ಬೇಕು. ಬೆಚ್ಚಗೆ ಬಿಟ್ರೆ ಫ್ರೀ ಕರಗ್ತಾ ಹೋಗುತ್ತೆ, ಟೋಟಲ್ ಅಷ್ಟೊಂದು ಬದಲಾಗಲ್ಲ. ಭಾಗಾಕಾರದಲ್ಲಿ ಮೇಲಿರೋ ಫ್ರೀ ಕರಗಿ ಕೆಳಗಿರೋ ಟೋಟಲ್ ಹಂಗೇ ಉಳಿದ್ರೆ ರೇಶಿಯೋ ಸುಳ್ಳೇ ಕಮ್ಮಿ ಬರುತ್ತೆ. ಎಷ್ಟು ಕಮ್ಮಿ ಆಗಿದೆ ಅಂತ ಈಗ ಹೇಳೋಕಾಗಲ್ಲ, ಆದ್ರೆ ಏಳು ಗಂಟೆ ನಲವತ್ತು ನಿಮಿಷ ಬ್ಯಾಗಲ್ಲಿದ್ದ ಟ್ಯೂಬಿನ ರೇಶಿಯೋನ ನಾನು ನಂಬಲ್ಲ. ಮುಂದಿನ ಸಲ ಯಂತ್ರ ಇರೋ ಲ್ಯಾಬಿಗೇ ಅಪ್ಪನ್ನ ಕರ್ಕೊಂಡು ಹೋಗಿ ಕೊಡ್ಸಿ, ಟೋಟಲ್ ಫ್ರೀ ಎರಡೂ ಒಂದೇ ಯಂತ್ರದಲ್ಲಿ ಆಗ್ಬೇಕು, ಮುಂದಕ್ಕೂ ಅದೇ ಲ್ಯಾಬಲ್ಲಿ ಮಾಡ್ಸಿ. ಒಂದೊಂದು ಕಂಪನಿ ಯಂತ್ರ ಒಂದೊಂದು ನಂಬರ್ ಕೊಡುತ್ತೆ, ಲ್ಯಾಬ್ ಬದಲಾಯಿಸಿ ಏರಿತು ಇಳೀತು ಅಂತ ಲೆಕ್ಕ ಹಾಕೋದ್ರಲ್ಲಿ ಅರ್ಥ ಇಲ್ಲ.

ಸುಬ್ಬಣ್ಣ ಶಿರಸಿ:
ನಮ್ಮ ಅಣ್ಣಂಗೆ ಪ್ರಾಸ್ಟೇಟ್ ಪೂರ್ತಿ ತೆಗ್ದು ಎರಡು ವರ್ಷ ಆತು. ಈಗ ಪಿಎಸ್ಎ 0.3 ಬಂಜು. ಅವಂಗೂ ರೇಶಿಯೋ ಮಾಡ್ಸಿದ್ರೆ ಗೊತ್ತಾಗ್ತ? ನಾರ್ಮಲ್ ಗೆರೆ 4ರ ಒಳಗೇ ಇದ್ದು ಅಂತ ಅಂವ ಆರಾಮಿದ್ದ.

ಲ್ಯಾಬ್ ಶಿವಣ್ಣ:
ಸುಬ್ಬಣ್ಣ, ದಯವಿಟ್ಟು ಆರಾಮಾಗಿರ್ಬೇಡಿ. ಗ್ರಂಥಿ ಇರೋರ ಲೆಕ್ಕ ಇದು, ತೆಗೆಸಿದೋರಿಗೆ 4ರ ಗೆರೆ ಇಲ್ಲವೇ ಇಲ್ಲ, ಅವರಿಗೆ ಹೆಚ್ಚುಕಮ್ಮಿ ಸೊನ್ನೆ ಇರ್ಬೇಕು. 0.3 ಅಂದ್ರೆ ಈ ವಾರವೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ರೇಶಿಯೋ ಅಲ್ಲಿ ಕೆಲಸಕ್ಕೆ ಬರಲ್ಲ.

ಲತಾ ಮಂಡ್ಯ:
ಎಲ್ಲಾ ಓದ್ದೆ. ಶಿವಣ್ಣೋರು ಹೇಳಿದ್ದು ಸರಿ, ಆದ್ರೆ ನಮ್ಮನೆಯವ್ರ ವಿಷಯನೂ ಕೇಳ್ಕೊಳಿ. ಅವ್ರಿಗೆ ಜ್ವರ ಇಲ್ಲ, ಉರಿ ಇಲ್ಲ, ರಾತ್ರಿ ಒಂದ್ಸಲ ಎದ್ದೋಗೋದು ಬಿಟ್ರೆ ಏನೂ ಇಲ್ಲ. 5.2, ರೇಶಿಯೋ 9. ಗಾಬರಿಯಾಗಿ ನಾನೂ ನೆಟ್ಟಲ್ಲಿ ಹುಡುಕಿ ಇನ್ಫೆಕ್ಷನ್ ಇರ್ಬೋದು, ಬೈಕ್ ಓಡಿಸಿದ್ಕಿರ್ಬೋದು, ಮಲಬದ್ಧತೆ ಇರ್ಬೋದು ಅಂತ ಕಾರಣ ಜೋಡಿಸ್ತಾ ಕೂತೆ. ಎರಡು ತಿಂಗಳು ಬಿಟ್ಟು ಮಾಡ್ಸಿದ್ರೆ 5.4, ರೇಶಿಯೋ ಅದೇ 9, ಯೂರಿನ್ ಪೂರ್ತಿ ಕ್ಲೀನು. ಎಂಆರ್‌ಐಲಿ ಒಂದು ಕಡೆ ಅನುಮಾನ ಬಂತು, ಅಲ್ಲಿಂದ ಬಯಾಪ್ಸಿ ತಗುದ್ರು, ಕ್ಯಾನ್ಸರೇ ಇತ್ತು. ಆಪರೇಷನ್ ಆಗಿ ಈಗ ತೋಟದ ಕೆಲಸ ಎಲ್ಲಾ ಮಾಡ್ತರೆ. ಎರಡನೇ ಟೆಸ್ಟೂ ಹಂಗೇ ಬಂದಾಗ ಮತ್ತೆ ಮೂರನೇದು ಮಾಡ್ಸಣ ಅಂತ ಅವ್ರು ಹಟ ಹಿಡಿದಿದ್ರು, ಡಾಕ್ಟರ್ರು ಬೇಡ, ಸ್ಕ್ಯಾನ್ ಮಾಡ್ಸಿ ಅಂದ್ರು. ಕಾಯೋದಾದ್ರೆ ತಾರೀಕು ಬರ್ದಿಟ್ಕೊಂಡು ಕಾಯಿರಿ.

ತುಮಕೂರಿನ ಮಗಳು (ಒಂಬತ್ತು ವಾರ ಆದ್ಮೇಲೆ):
ಎಲ್ಲರಿಗೂ ಹೇಳ್ಬೇಕಿತ್ತು. ಲತಕ್ಕ ಹೇಳಿದ ಹಾಗೆ ಕ್ಯಾಲೆಂಡರಲ್ಲಿ ಗುರುತು ಹಾಕಿದ್ದೆ. ಯೂರಿನ್ ಕಲ್ಚರ್ ಮೊದಲು ಮಾಡಿಸಿದ್ವಿ, ಏನೂ ಬೆಳೆದಿಲ್ಲ. ಡಾಕ್ಟರ್ ಬೆರಳಿಟ್ಟು ನೋಡಿ ದಪ್ಪ ಇದೆ, ಗಂಟಿಲ್ಲ ಅಂದ್ರು. ಅಪ್ಪನ್ನ ಲ್ಯಾಬಿಗೇ ಕರ್ಕೊಂಡು ಹೋಗಿ ಕೊಡಿಸಿದೆ, ಕಣ್ಮುಂದೆ ಅರ್ಧ ಗಂಟೆ ಬಿಟ್ಟು ಟ್ಯೂಬ್ ತಿರುಗಿಸಿದ್ರು.

ಟೋಟಲ್ 4.9, ಫ್ರೀ 0.98, ರೇಶಿಯೋ 20.

ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದಾಗ ನಂಗೆ ಆಶ್ಚರ್ಯ ಆಗಿದ್ದು ಫ್ರೀ ನಂಬರ್. ಆವಾಗ 0.95, ಈಗ 0.98, ಅದು ಅಲ್ಲೇ ನಿಂತಿದೆ, ಇಳಿದಿದ್ದೆಲ್ಲ ಟೋಟಲ್ಲೇ. ಸ್ಕ್ಯಾನಲ್ಲಿ ಗ್ರಂಥಿ 52 ಗ್ರಾಂ ಅಂತಿದೆ. ಡಾಕ್ಟರ್ 4.9ನ್ನ 52ರಿಂದ ಭಾಗಿಸಿ 0.09 ಅಂತ ಬರೆದು, 0.15ಕ್ಕಿಂತ ಕಮ್ಮಿ ಇದೆ, ಗ್ರಂಥಿ ದಪ್ಪ ಇರೋದಕ್ಕೆ ಇಷ್ಟು ಬರೋದು ಹೊಂದುತ್ತೆ ಅಂದ್ರು. ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಅಂತ ಇವ್ರು. ಇನ್ನೊಬ್ಬ ಡಾಕ್ಟರನ್ನ ಕೇಳಿದ್ದಕ್ಕೆ ಇನ್ನೂ 4ರ ಮೇಲಿದೆ, ಒಂದು ಎಂಆರ್‌ಐ ಈಗ್ಲೇ ಮಾಡಿಸ್ಬಿಡಿ ಅಂದ್ರು.

ಲ್ಯಾಬ್ ಶಿವಣ್ಣ:
ಫ್ರೀ ಹಂಗೇ ನಿಂತಿರೋದು ಒಳ್ಳೇ ಗಮನ. ಗೋಡೆ ಒಡೆದು ಸೋರ್ತಿದ್ದ ಗಂಟುಬಿದ್ದ ಪಾಲು ಹೋಯ್ತು ಅಂತ ಓದ್ಬಹುದು, ಆದ್ರೆ ಮೊದಲನೇ ಟ್ಯೂಬ್ ಬ್ಯಾಗಲ್ಲಿ ಕೂತಿತ್ತಲ್ಲ, ಅವತ್ತಿನ ಫ್ರೀ ನಿಜಕ್ಕೂ ಇನ್ನೂ ಜಾಸ್ತಿ ಇದ್ದಿರಲೂಬಹುದು. ಇಬ್ರು ಡಾಕ್ಟರಲ್ಲಿ ಯಾರದ್ದು ಸರಿ ಅಂತ ನಾನು ಹೇಳೋ ಜಾಗ ಅಲ್ಲ. ಕಾಯೋದೇ ಆದ್ರೆ ಅದೇ ಲ್ಯಾಬು.

ಲತಾ ಮಂಡ್ಯ:
ನಾನಾಗಿದ್ರೆ ಎಂಆರ್‌ಐ ಮಾಡಿಸ್ತಿದ್ದೆ ಕಣವ್ವ. ಆದ್ರೆ ನಮ್ಮನೇಲಿ ಬಂದಿದ್ದು ನೋಡಿ ಹೇಳ್ತಿದೀನಿ ಅಷ್ಟೆ.

ತುಮಕೂರಿನ ಮಗಳು:
ಅಪ್ಪ ಮೂರು ತಿಂಗಳು ಅಂತಿದಾರೆ. ಈ ಸಲ ಗುರುತು ಅವರೇ ಹಾಕ್ಕೊಂಡಿದಾರೆ.