‘ಏರುಬೆಣೆ’ ಎಂಬ ಹೆಸರೇ ದಾರಿ ತಪ್ಪಿಸುತ್ತಿದೆಯೇ?

ಕೊಪ್ಪಳದಿಂದ, ವಾಣಿಜ್ಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಶೇರು ಚಾರ್ಟ್ ಓದುವುದನ್ನು ಕಲಿಯುತ್ತೇವೆ. ಅವರಿಗಾಗಿ ನಾನು ಕನ್ನಡದಲ್ಲಿ ಟಿಪ್ಪಣಿ ಬರೆದು ಕೊಡುತ್ತೇನೆ. ರೈಸಿಂಗ್ ವೆಜ್ ಅನ್ನುವುದಕ್ಕೆ ‘ಏರುಬೆಣೆ’, ಫಾಲಿಂಗ್ ವೆಜ್‌ಗೆ ‘ಇಳಿಬೆಣೆ’ ಎಂದು ಬರೆದಿದ್ದೆ. ಚಿಕ್ಕ ಪದ, ಬಾಯಿಗೆ ಸುಲಭ. ಆದರೆ ಆ ಪದದಿಂದಲೇ ಒಬ್ಬರಿಗೆ ನಷ್ಟವಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಒಂದು ಶೇರಿನ ಬೆಲೆ 180 ರೂಪಾಯಿಯಿಂದ ಹೊರಟು 205ಕ್ಕೆ ಹೋಯಿತು. 190ಕ್ಕೆ ಇಳಿದು 209ಕ್ಕೆ ಏರಿತು. ಮತ್ತೆ 200ಕ್ಕೆ ಇಳಿದು 213 ಮುಟ್ಟಿತು. ಆಮೇಲೆ 210ಕ್ಕೆ ಬಂತು. ಪ್ರತಿ ಏರಿಕೆಗೂ ಎರಡು ವಾರ, ಪ್ರತಿ ಇಳಿಕೆಗೂ ಎರಡು ವಾರ, ಒಟ್ಟು 12 ವಾರ. ಮೇಲಿನ ತುದಿಗಳನ್ನು ಸೇರಿಸಿ ಒಂದು ಗೆರೆ, ಕೆಳಗಿನ ತುದಿಗಳನ್ನು ಸೇರಿಸಿ ಇನ್ನೊಂದು ಗೆರೆ ಎಳೆದರೆ ಎರಡೂ ಮೇಲಕ್ಕೇ ಹೋಗುತ್ತವೆ. ಹೋಗುತ್ತಾ ಹೋಗುತ್ತಾ ಹತ್ತಿರ ಬರುತ್ತವೆ. ಟಿಪ್ಪಣಿಯಲ್ಲಿದ್ದ ಚಿತ್ರದ ಹಾಗೇ ಇತ್ತು.

ನಮ್ಮ ಗುಂಪಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ ಒಬ್ಬನಿದ್ದಾನೆ. ಅವನು 211ಕ್ಕೆ ಐವತ್ತು ಶೇರು ಕೊಂಡ. ಆ ವಾರದ ಕೊನೆಗೆ ಬೆಲೆ 207. ಮುಂದಿನ ವಾರ 194. ಅಲ್ಲಿ ಮಾರಿಬಿಟ್ಟ. 850 ರೂಪಾಯಿ ಹೋಯಿತು. ಯಾಕೆ ಕೊಂಡೆಯಪ್ಪ ಎಂದು ಕೇಳಿದೆ. “ಹೆಸರೇ ಏರುಬೆಣೆ ಅಲ್ವಾ ಮೇಡಂ, ಏರ್ತದ ಅಂತ ಕೊಂಡೆ” ಅಂದ.

ಇದು ಹೆಚ್ಚಾಗಿ ಕೆಳಕ್ಕೇ ಒಡೆಯುತ್ತದೆ ಎಂದು ಚಿತ್ರದ ಕೆಳಗೆ ಬರೆದಿದ್ದೆ. ಆದರೆ ಅವನು ಓದಿದ್ದು ಹೆಸರನ್ನು. ತಪ್ಪು ಅವನದಲ್ಲ. ಏರುದನಿ, ಏರುಜವ್ವನ ಅನ್ನುತ್ತೇವೆ. ಅಲ್ಲೆಲ್ಲ ‘ಏರು’ ಅಂದರೆ ಕಸುವು ಹೆಚ್ಚುತ್ತಿದೆ ಎಂದೇ ಅರ್ಥ. ಈ ಬೆಣೆಯಲ್ಲಿ ಬೆಲೆ ಏರುತ್ತಿರುತ್ತದೆ, ಕಸುವು ಇಳಿಯುತ್ತಿರುತ್ತದೆ. ಇದನ್ನು ಏನೆಂದು ಕರೆಯೋಣ?

ಬಳ್ಳಾರಿಯಿಂದ, ಇಂಜಿನಿಯರ್

ಮೇಡಂ, ಎರಡು ಗೆರೆ ಒಂದು ಕಡೆ ಸೇರಿದರೆ ಅದು ತ್ರಿಕೋನ. ಬೆಣೆ ಅಂತ ಇನ್ನೊಂದು ಹೆಸರು ಬೇಕಾ? ಬೇಕೇ ಬೇಕು ಅಂದರೆ ಅದು ಮಾಡುವ ಕೆಲಸವನ್ನೇ ಹೆಸರಾಗಿಸಿ. ಏರುತ್ತಿದ್ದದ್ದು ಇಳಿಯುತ್ತದೆ, ಇಳಿಯುತ್ತಿದ್ದದ್ದು ಏರುತ್ತದೆ. ಎರಡಕ್ಕೂ ‘ತಿರುವುಬೆಣೆ’ ಎಂದರೆ ಸಾಕು. ಗೆರೆಗಳು ಕೂಡುವ ಜಾಗಕ್ಕೆ ಬಂದ ಮೇಲೆ ಬೆಲೆ ತಿರುಗಲೇಬೇಕು, ಮುಂದೆ ಹೋಗಲು ಜಾಗವೇ ಇರುವುದಿಲ್ಲ.

ಗಂಗಾವತಿಯಿಂದ, ನಿವೃತ್ತ ಮೇಷ್ಟ್ರು

ತಂಗೀ, ನಿಮ್ಮ ಶೇರಿನ ವಿಷಯ ನನಗೆ ಗೊತ್ತಾಗುವುದಿಲ್ಲ. ಬೆಣೆ ಎಂಬ ಪದ ಕಂಡು ಬರೆಯುತ್ತಿದ್ದೇನೆ. ನಮ್ಮದು ಬಡಗಿ ಮನೆತನ. ಕೊಡಲಿ ಕಾವು ಸಡಿಲವಾದರೆ ಅದರ ತಲೆಗೆ ಸಣ್ಣ ಬೆಣೆ ಬಡಿಯುತ್ತಿದ್ದೆವು. ಕಲ್ಲು ಕೆಲಸದವರಿಗೂ ಬೆಣೆಯೇ ಆಧಾರ. ಹಂಪಿ, ಆನೆಗೊಂದಿ ಕಡೆ ಬಂಡೆಗಳ ಮೇಲೆ ಸಾಲಾಗಿ ಗುಳಿಗಳಿವೆ, ನೋಡಿರಬಹುದು. ಬೆಣೆ ಇಟ್ಟು ಒಡೆಯಲು ತೋಡಿದ ಗುಳಿಗಳು ಅವು. ಒಂದೊಂದು ಬೆಣೆಗೂ ಸರದಿಯಂತೆ ಪೆಟ್ಟು ಕೊಟ್ಟರೆ ಬಂಡೆ ಆ ಸಾಲಿನುದ್ದಕ್ಕೂ ಬಿರಿಯುತ್ತದೆ.

ಬೆಣೆಯ ಚೂಪು ತುದಿಗೆ ಮೊನೆ ಅನ್ನುತ್ತೇವೆ. ದಪ್ಪ ಕಡೆಗೆ ತಲೆ. ಬೆಣೆ ತೀರಾ ದಪ್ಪವಿದ್ದರೆ ಒಳಗೆ ಹೋಗುವುದಿಲ್ಲ, ಹಿಂದಕ್ಕೆ ಸಿಡಿಯುತ್ತದೆ. ನೀವು ಹೇಳುವ ಬೆಣೆ ಬಂದ ದಾರಿಗೆ ಎದುರಾಗಿ ಒಡೆಯುವುದೂ ಇದರಿಂದಲೇ ಇರಬೇಕು.

ರಾಯಚೂರಿನಿಂದ, ಹತ್ತಿ ವ್ಯಾಪಾರ

ಮೇಷ್ಟ್ರೇ, ಮೊನೆ ಎಂಬ ಮಾತು ನನಗೆ ಬಹಳ ಹಿಡಿಸಿತು. ಆದರೆ ಚಾರ್ಟಿನಲ್ಲಿ ಬೆಣೆಯ ಆಕಾರ ಮಾತ್ರ ಇದೆ, ಬೆಣೆಯ ಕೆಲಸ ಇಲ್ಲ. ಅಲ್ಲಿ ಯಾರೂ ಪೆಟ್ಟು ಹಾಕುತ್ತಿಲ್ಲ. ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಮೇಡಂ, ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕೆಳಗಿನ ತುದಿಗಳು ನಾಲ್ಕು ವಾರಕ್ಕೆ 10 ರೂಪಾಯಿಯಂತೆ ಏರಿವೆ. ಮೇಲಿನ ತುದಿಗಳು ನಾಲ್ಕು ವಾರಕ್ಕೆ 4 ರೂಪಾಯಿ ಮಾತ್ರ. ಅಂದರೆ ಕೆಳಗಿನ ಗೆರೆ ವಾರಕ್ಕೆ ಎರಡೂವರೆ ರೂಪಾಯಿ ಕೇಳುತ್ತಿದೆ, ಮೇಲಿನ ಗೆರೆ ಒಂದೇ ರೂಪಾಯಿ ಬಿಟ್ಟುಕೊಡುತ್ತಿದೆ. 12ನೇ ವಾರ ಕೆಳಗೆರೆ 210ರಲ್ಲಿದೆ, 13ನೇ ವಾರ ಅದು 212.50ಕ್ಕೆ ಬರುತ್ತದೆ. ಆ ಹುಡುಗ 211ಕ್ಕೆ ಕೊಂಡನಲ್ಲ, ಬೆಲೆ ಬೀಳದೆ ಸುಮ್ನೆ ಅಲ್ಲೇ ನಿಂತಿದ್ದರೂ ಆ ವಾರದ ಕೊನೆಗೆ ಗೆರೆಯ ಕೆಳಗೇ ಇರುತ್ತಿತ್ತು. ಕಡಿದಾದ ಗೆರೆಯ ಮೇಲೆ ಉಳಿಯಬೇಕಾದರೆ ಏರುತ್ತಲೇ ಇರಬೇಕು. ನಿಂತರೆ ಸೋತ ಹಾಗೆ. ಮೇಲಿನ ಗೆರೆ ದಾಟುವುದಕ್ಕೆ ಹೊಸ ಹಣ ಬರಬೇಕು, ಕೆಳಗಿನ ಗೆರೆ ದಾಟುವುದಕ್ಕೆ ಏನೂ ಬರದಿದ್ದರೂ ಸಾಕು. ಬೆಣೆ ತನ್ನ ಓರೆಗೆ ಎದುರಾಗಿ ಒಡೆಯುವುದರ ಗುಟ್ಟು ಅರ್ಧ ಇಲ್ಲೇ ಇದೆ.

ಇನ್ನರ್ಧ ಜನರದ್ದು. ನಿಮ್ಮ ಏರಿಕೆಗಳನ್ನು ನೋಡಿ. ಮೊದಲನೆಯದು 25 ರೂಪಾಯಿ, ಎರಡನೆಯದು 19, ಮೂರನೆಯದು 13. ಕೊಳ್ಳುವವರು ಪ್ರತಿ ಸಲ ಬೇಗ ದಣಿಯುತ್ತಿದ್ದಾರೆ. 180ರ ಹತ್ತಿರ ಕೊಂಡವರ ಕೈಯಲ್ಲಿ ಆಗಲೇ ಲಾಭ ಇದೆ. ಅದು ಹೋಗಬಾರದು ಎಂದು ಅವರು, ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಸ್ಟಾಪ್ ಲಾಸ್ ಅನ್ನು ಕೆಳಗೆರೆಯ ಬುಡದಲ್ಲೇ ಇಟ್ಟು, ಗೆರೆ ಏರಿದಂತೆ ತಾವೂ ಏರಿಸುತ್ತಾರೆ. ಹೀಗೆ ಗೆರೆಯ ಕೆಳಗೆ ಮಾರಾಟದ ಆರ್ಡರ್‌ಗಳು ಜಮಾ ಆಗುತ್ತವೆ. ಬೆಲೆ ಅಲ್ಲಿಗೆ ಜಾರಿದ ಕೂಡಲೇ ಎಲ್ಲವೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ. 207ರಿಂದ 194ಕ್ಕೆ ಒಂದೇ ವಾರದಲ್ಲಿ ಹೋದದ್ದು ಹೀಗೇ ಇರಬೇಕು. ಇಂಥ ಬೆಣೆ ಒಡೆದ ಮೇಲೆ ಅದು ಶುರುವಾದ ಬೆಲೆಯ ಕಡೆಗೆ, ಇಲ್ಲಿ 180ರ ಕಡೆಗೆ, ವಾಪಸ್ಸು ಬರುವುದನ್ನು ಕಾಯುತ್ತಾರೆ. ಬಂದೇ ಬರುತ್ತದೆ ಎಂದಿಲ್ಲ.

ಮುಂದಿನ ಸಲ ಆ ಹುಡುಗನಿಗೆ ಬೆಲೆಯ ಜೊತೆ ವಾಲ್ಯೂಮ್, ಅಂದರೆ ಎಷ್ಟು ಶೇರು ಕೈ ಬದಲಾದವು ಎಂಬುದನ್ನೂ ತೋರಿಸಿ. ಬೆಲೆ ಏರುತ್ತಾ ವಾಲ್ಯೂಮ್ ವಾರವಾರಕ್ಕೂ ಸೊರಗುತ್ತಿದ್ದರೆ ಕಸುವು ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಇಂಜಿನಿಯರ್ ಸಾಹೇಬರೇ, ಜಾಗ ಮುಗಿಯುತ್ತದೆ ಎಂಬ ನಿಮ್ಮ ಮಾತು ನಿಜ. ಆದರೆ ಮೊನೆಯವರೆಗೆ ಕಾಯಬೇಕಿಲ್ಲ. ಇಲ್ಲಿ ಗೆರೆಗಳು ಕೂಡುವುದು 15ನೇ ವಾರ ದಾಟಿದ ಮೇಲೆ, ಒಡೆದದ್ದು 13ರಲ್ಲೇ. ತ್ರಿಕೋನ ಎಂದರೆ ನಮ್ಮವರು ಬೇರೆಯೇ ಚಿತ್ರ ನೋಡುತ್ತಾರೆ. ಅಲ್ಲಿ ಒಂದು ಗೆರೆ ಮಲಗಿರುತ್ತದೆ, ಇಲ್ಲವೇ ಒಂದು ಮೇಲಕ್ಕೂ ಒಂದು ಕೆಳಕ್ಕೂ ಬಾಗಿರುತ್ತದೆ. ಬೆಣೆಯಲ್ಲಿ ಎರಡೂ ಒಂದೇ ಕಡೆಗೆ.

‘ತಿರುವು’ ಅಂತೂ ಬೇಡವೇ ಬೇಡ. ಆ ಶೇರು ಅದಕ್ಕೂ ಮೊದಲು 300ರಿಂದ 180ಕ್ಕೆ ಬಿದ್ದಿತ್ತು ಅಂದುಕೊಳ್ಳಿ. ಆಗ ಈ 12 ವಾರದ ಏರಿಕೆ ಬಿದ್ದವನು ಉಸಿರು ತೆಗೆದುಕೊಂಡ ಹಾಗೆ. ಬೆಣೆ ಕೆಳಕ್ಕೆ ಒಡೆದರೆ ಯಾವ ತಿರುವೂ ಇಲ್ಲ, ಹಳೇ ಇಳಿಕೆಯೇ ಮುಂದುವರಿಯಿತು. ಬೆಣೆ ಎದುರಾಗುವುದು ತನ್ನ ಓರೆಗೆ. ದೊಡ್ಡ ಓಟಕ್ಕೆ ಎದುರಾಗುತ್ತದೋ ಇಲ್ಲವೋ ಎಂಬುದು ಅದಕ್ಕೂ ಹಿಂದಿನದನ್ನು ನೋಡಿದರೆ ಮಾತ್ರ ಗೊತ್ತು.

ಬಳ್ಳಾರಿಯಿಂದ, ಇಂಜಿನಿಯರ್

ತಿರುವುಬೆಣೆಯನ್ನು ವಾಪಸ್ ತೆಗೆದುಕೊಂಡೆ. ಹಾಗಾದರೆ ಏರುಬೆಣೆ ಕಂಡ ಕೂಡಲೇ ಮಾರಿಬಿಡಬಹುದಾ?

ರಾಯಚೂರಿನಿಂದ, ಹತ್ತಿ ವ್ಯಾಪಾರ

ಕಂಡ ಕೂಡಲೇ ಬೇಡ. ಮಾರುಕಟ್ಟೆ ಜೋರಾಗಿದ್ದರೆ ಇದೇ ಬೆಣೆ ಮೇಲಕ್ಕೂ ಒಡೆಯುತ್ತದೆ. ನಾನು ನೋಡಿದ್ದೇನೆ, ಕಳೆದುಕೊಂಡೂ ಇದ್ದೇನೆ. ವಾರದ ಕೊನೆಯ ಬೆಲೆ ಗೆರೆಯ ಹೊರಗೆ ನಿಲ್ಲಬೇಕು. ಮಧ್ಯಾಹ್ನ ಒಂದು ಗಳಿಗೆ ಇಣುಕಿ ಒಳಗೆ ಬಂದದ್ದನ್ನು ಒಡೆತ ಎಂದು ಲೆಕ್ಕ ಹಿಡಿಯಬೇಡಿ. ಎರಡೇ ತುದಿಗೆ ಗೆರೆ ಎಳೆದು ಬೆಣೆ ಕಂಡೆ ಅನ್ನುವವರೂ ಇದ್ದಾರೆ. ಎರಡು ಚುಕ್ಕಿ ಸಿಕ್ಕರೆ ಎಂಥ ಗೆರೆಯೂ ಬರುತ್ತದೆ. ಮೂರನೇ ಸಲ ಬೆಲೆ ಮುಟ್ಟಿ ತಿರುಗಿದ ಮೇಲೆ ನಾನು ಆ ಗೆರೆಯನ್ನು ನಂಬುತ್ತೇನೆ. ಮೇಡಂ ಅವರ ಚಿತ್ರದಲ್ಲಿ ಮೇಲೆ ಮೂರು, ಕೆಳಗೆ ನಾಲ್ಕು ಇವೆ. ಅದು ಸರಿಯಾದ ಬೆಣೆಯೇ.

ಕೊಪ್ಪಳದಿಂದ, ವಾಣಿಜ್ಯ ಉಪನ್ಯಾಸಕಿ

ವಾರಕ್ಕೆ ಎರಡೂವರೆ ರೂಪಾಯಿ ಕೇಳುವ ಗೆರೆ ಎಂಬ ಮಾತನ್ನು ಈ ಭಾನುವಾರ ಬೋರ್ಡ್ ಮೇಲೆ ಬರೆದು ತೋರಿಸಿದೆ. ಹುಡುಗ ತಾನೇ ಪೆನ್ಸಿಲ್ ತೆಗೆದುಕೊಂಡು 13ನೇ ವಾರಕ್ಕೆ 212.50 ಎಂದು ಗುರುತು ಹಾಕಿದ. ತಾನು ಕೊಂಡ 211 ಅದರ ಕೆಳಗೆ ಬಂದದ್ದನ್ನು ನೋಡುತ್ತಾ ಸುಮಾರು ಹೊತ್ತು ಕುಳಿತಿದ್ದ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರು ಕೊಟ್ಟ ಮೊನೆಯನ್ನು ಹಿಡಿದು ‘ಮೇಲ್ಮೊನೆ ಬೆಣೆ’, ‘ಕೆಳಮೊನೆ ಬೆಣೆ’ ಎಂದರೆ ಹೇಗೆ? ಮೊನೆ ಎತ್ತ ನೋಡುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಬೆಲೆ ಎತ್ತ ಹೋಗುತ್ತದೆ ಎಂದು ಮಾತು ಕೊಡುವುದಿಲ್ಲ. ಏರು, ಇಳಿ ಎಂಬ ಕ್ರಿಯಾಪದ ಹೆಸರೊಳಗೆ ಕುಳಿತರೆ ಓದುವವನು ಅದನ್ನು ಭವಿಷ್ಯ ಎಂದೇ ಓದುತ್ತಾನೆ ಎಂದು ನನಗೀಗ ಗಟ್ಟಿಯಾಗಿ ಅನ್ನಿಸುತ್ತಿದೆ.

ಗಂಗಾವತಿಯಿಂದ, ನಿವೃತ್ತ ಮೇಷ್ಟ್ರು

ಮೇಲ್ಮೊನೆ ಚೆನ್ನಾಗಿದೆ ತಂಗೀ. ಕೆಳಮೊನೆಯನ್ನು ಕೀಳ್ಮೊನೆ ಎಂದರೆ ಜೋಡಿ ಕೂಡುತ್ತದೆ. ಆದರೆ ‘ಕೀಳು’ ಅಂದರೆ ಹೀನ ಎಂಬ ಅರ್ಥವೂ ಬರುತ್ತದೆ. ಕೆಳಮೊನೆಯೇ ಇರಲಿ.

ರಾಯಚೂರಿನಿಂದ, ಹತ್ತಿ ವ್ಯಾಪಾರ

ಟಿಪ್ಪಣಿಗೆ ಮೇಲ್ಮೊನೆ ಒಪ್ಪುತ್ತೇನೆ. ಆದರೆ ಪಕ್ಕದಲ್ಲಿ ರೈಸಿಂಗ್ ವೆಜ್ ಎಂದೂ ಇರಲಿ. ಟಿವಿಯಲ್ಲಿ, ಮೊಬೈಲಿನಲ್ಲಿ ಆ ಹುಡುಗನ ಕಿವಿಗೆ ಬೀಳುವುದು ಅದೇ ಮಾತು. ಅಲ್ಲಿಯೂ ‘ರೈಸಿಂಗ್’ ಅವನನ್ನು ಮೋಸ ಮಾಡಬಾರದು.

ಇನ್ನೊಂದು ಪದ ನನ್ನನ್ನು ಕಾಡುತ್ತಿದೆ. ಕೆಳಮೊನೆ ಬೆಣೆಯಲ್ಲಿ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ಮೇಲಿನ ಗೆರೆಯೇ ಕಡಿದು, ಮಾರುವವರೇ ದಣಿದವರು. ಬೆಲೆ ನಿಂತಲ್ಲೇ ನಿಂತರೂ ಮೇಲುಗೆರೆ ಕೆಳಗಿಳಿದು ಬಂದು ಅದನ್ನು ದಾಟಿ ಹೋಗುತ್ತದೆ. ಆದರೆ ಒಂದು ಕಡೆ ಕನ್ನಡಿ ಕೆಲಸ ಮಾಡುವುದಿಲ್ಲ. ಬೀಳುವುದಕ್ಕೆ ಯಾರ ಹಣವೂ ಬೇಡ, ಏರುವುದಕ್ಕೆ ಬೇಕು. ಅದಕ್ಕೇ ಮೇಲಕ್ಕೆ ದಾಟುವಾಗ ವಾಲ್ಯೂಮ್ ಉಬ್ಬಿದೆಯೇ ಎಂದು ನೋಡುತ್ತೇವೆ. ಉಬ್ಬದಿದ್ದರೆ ಬೆಲೆ ಗೆರೆಯ ಹೊರಗೆ ಬಂದು ವಾರಗಟ್ಟಲೆ ಅಡ್ಡಡ್ಡ ತೆವಳುತ್ತದೆ.

ಇದನ್ನು ‘ಒಡೆಯಿತು’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆರೆ ಒಡೆಯಿತು ಅಂದರೆ ನೀರು ಕೆಳಕ್ಕೆ ಹೋಯಿತು ಎಂದು. ‘ಚಿಮ್ಮಿತು’ ಅಂದರೆ ತೆವಳುವುದಕ್ಕೆ ಹೊಂದುವುದಿಲ್ಲ. ‘ಗೆರೆ ದಾಟಿತು’ ಅನ್ನಬಹುದು. ಆದರೆ ಬೆಲೆ ದಾಟಿತೋ, ಗೆರೆಯೇ ಬೆಲೆಯನ್ನು ದಾಟಿ ಕೆಳಗೆ ಹೋಯಿತೋ? ಎರಡಕ್ಕೂ ಬೇರೆ ಬೇರೆ ಮಾತು ನಿಮ್ಮ ಊರಿನಲ್ಲಿ ಯಾರ ಬಾಯಲ್ಲಾದರೂ ಇದ್ದರೆ ತಿಳಿಸಿ.