ಬಣ್ಣಕ್ಕೆ ಯಾವ ‘ವಿಸ್ತೀರ್ಣ’, ಕಪಾಟಿಗೆ ಯಾವುದು?

ಕದ್ರಿಯಿಂದ:
ನಮಸ್ಕಾರ. ಇಲ್ಲಿನ ಒಂದು ಇಂಟೀರಿಯರ್ ಸಂಸ್ಥೆಗೆ ಕನ್ನಡದಲ್ಲಿ ಕೊಟೇಶನ್ ಲೆಕ್ಕದ ಪುಟ ಮಾಡುತ್ತಿದ್ದೇವೆ. ಕೋಣೆಯ ಅಳತೆ ಮತ್ತು ಸಾಮಾನು ತುಂಬಿದರೆ ಖರ್ಚು ತೋರಿಸಬೇಕು. ‘ವಿಸ್ತೀರ್ಣ’ ಅಂತ ಒಂದೇ ಖಾನೆ ಇಟ್ಟಿದ್ದೆವು, ಜನ ಅಲ್ಲಿ ನೆಲದ ಚದರಡಿ ಬರೆಯುತ್ತಾರೆ. 12ಕ್ಕೆ 10 ಅಡಿಯ ಕೋಣೆ ಅಂದರೆ 120. ಟೈಲ್ಸಿಗೆ ಅದು ಸರಿ. ಬಣ್ಣಕ್ಕೂ ಅದೇ 120 ಹಿಡಿದರೆ? 10 ಅಡಿ ಎತ್ತರದ ನಾಲ್ಕು ಗೋಡೆ ಸೇರಿ 440 ಆಗ್ತದೆ, ಒಂದು ಬಾಗಿಲು ಒಂದು ಕಿಟಕಿಗೆ 37 ಕಳೆದರೂ 403 ಉಳಿಯುತ್ತದೆ. ಕಪಾಟಿನ ರೇಟು ಮತ್ತೆ ಬೇರೆ, ಎದುರಿನಿಂದ ಕಾಣುವ ಅಗಲ ಮತ್ತು ಎತ್ತರಕ್ಕೆ. ಈ ಮೂರಕ್ಕೂ ಗಿರಾಕಿಗೆ ತಟ್ಟನೆ ಅರ್ಥವಾಗುವ ಮಾತು ಯಾವುದು?

ಉಡುಪಿಯಿಂದ:
‘ನೆಲದಳತೆ’, ‘ಗೋಡೆಯಳತೆ’ ಸಾಕಲ್ವಾ. ಕಪಾಟಿಗೆ ಬೇರೆ ಹೆಸರು ಯಾಕೆ, ಎಷ್ಟು ಪ್ಲೈವುಡ್ ಬೇಕೋ ಅಷ್ಟೇ ಚದರಡಿ. 6 ಅಡಿ ಅಗಲ, 7 ಅಡಿ ಎತ್ತರ, 42. ಒಂದು ಶೀಟು 32, ಎರಡು ತಂದರೆ ಆಯ್ತು.

ಕುಂದಾಪುರದಿಂದ:
ಗೋಡೆ, ನೆಲದ ಮಾತು ಒಪ್ಪಿದೆ. ಕಪಾಟಿನದ್ದು ಹಾಗಲ್ಲ ಮಾರಾಯ್ರೆ. ಆ 42 ಬರೀ ಬಾಗಿಲುಗಳದ್ದು. 2 ಅಡಿ ಆಳ ಇದ್ದರೆ ಎರಡು ಬದಿಗೆ 28, ಮೇಲೆ ಕೆಳಗೆ 24, ನಡುವಿನ ನಿಲುವು ಹಲಗೆಗೆ 14, ಅರ್ಧ ಅಗಲದ ನಾಲ್ಕು ಅಡ್ಡ ಹಲಗೆಗೆ ಇನ್ನೊಂದು 24. ಹಿಂದಿನ ತೆಳು ಪ್ಲೈ ಬಿಟ್ಟೇ 132 ಆಯ್ತು, ಕೊಯ್ದು ಹಾಳಾಗುವುದೂ ಸೇರಿದರೆ ಐದು ಶೀಟಾದರೂ ಬೇಕು. ಇದೆಲ್ಲ ಸೇರಿಸಿಯೇ ಎದುರಿನ 42ಕ್ಕೆ ಚದರಡಿ ರೇಟು ಕಟ್ಟಿರುತ್ತಾರೆ. ಆದ್ದರಿಂದ ಖಾನೆಯಲ್ಲಿ ‘ಕಪಾಟಿನ ಅಗಲ’, ‘ಎತ್ತರ’ ಅಂತ ಕೇಳಿ, ಗುಣಿಸುವ ಕೆಲಸ ಲೆಕ್ಕಕ್ಕೇ ಬಿಡಿ. ಆಳವನ್ನೂ ಕೇಳಿ, ಒಂದೂವರೆ ಅಡಿ ಆಳದ ಪುಸ್ತಕದ ಕಪಾಟಿಗೂ ಎರಡಡಿಯ ರೇಟೇ ಬಿದ್ದರೆ ಗಿರಾಕಿಗೆ ನಷ್ಟ. ಗೋಡೆಗೂ ಹಾಗೇ, ಕೋಣೆಯ ಉದ್ದ, ಅಗಲ, ಎತ್ತರ ಕೇಳಿ, ಬಾಗಿಲು ಕಿಟಕಿಯದ್ದು ಆಮೇಲೆ ಕಳೆಯಿರಿ:

```
2*(L+W)*H
```

ಕಾರ್ಕಳದಿಂದ:
ನಮ್ಮದು ಹಂಚಿನ ಮನೆ, ಮಾಡು ಇಳಿಜಾರು. ಎತ್ತರ ಅಂತ ಒಂದೇ ಅಂಕಿ ಕೇಳಿದರೆ ಯಾವುದು ಬರೆಯುವುದು? ಪೇಂಟಿನವ ನಡುವಿನ ಎತ್ತರ ಹಿಡಿದು ನಾಲ್ಕೂ ಗೋಡೆಗೆ ಲೆಕ್ಕ ಹಾಕಿ ದುಡ್ಡು ಜಾಸ್ತಿ ತಗೊಂಡ.

ಕದ್ರಿಯಿಂದ:
ಇದು ನಮ್ಮ ತಲೆಗೇ ಹೋಗಿರಲಿಲ್ಲ. ಆಚೀಚೆಯ ಗೋಡೆಗೆ ತಗ್ಗಿನ ಎತ್ತರ, ತುದಿಯ ಎರಡು ಗೋಡೆಗೆ ತಗ್ಗು ಮತ್ತು ನಡುವಿನ ಎತ್ತರದ ಸರಾಸರಿ ಹಿಡಿದರೆ ಲೆಕ್ಕ ಕೂಡುತ್ತದೆ. ವಿಸ್ತೀರ್ಣದ ಖಾನೆ ತೆಗೆಯುತ್ತೇವೆ, ಅಡಿಗಳನ್ನೇ ಕೇಳುತ್ತೇವೆ. ಆದರೆ ಕೊನೆಗೆ ಬರುವ ಕೊಟೇಶನ್ನಿನಲ್ಲಿ ಕಪಾಟಿನ ಆ 42ರ ಮುಂದೆ ಏನು ಬರೆಯುವುದು? ‘ಎದುರಳತೆ’ ಅಂದರೆ ನಿಮ್ಮ ಊರಿನ ಆಚಾರಿಗಳಿಗೆ ಗೊತ್ತಾಗುತ್ತದಾ, ಅವರು ಬೇರೆ ಏನಾದರೂ ಹೇಳುತ್ತಾರಾ?